ಅಪ್ಪನ ಎಡೆಗೆ ಹಚ್ಚಿದ ಬೀಡಿ

ನಮ್ಮಣ್ಣ ಕೋಲೂರಿಕೊಂಡು ನಿಲ್ಲುತ್ತಿದ್ದ. ಎರಡು ಕೈಗಳನ್ನೂ ಕೋಲಿನ ತುದಿಯ ಮೇಲೆ ಜೋಡಿಸಿ, ಎದೆಯನ್ನು ಮುಂದಕ್ಕೆ ಬಾಗಿಸಿ, ಭುಜಗಳನ್ನು ಮೇಲೆತ್ತಿ. ಕುರಿ ಕಾಯುವವರೆಲ್ಲ ನಿಲ್ಲುವುದು ಹಾಗೆಯೇ. ನಮ್ಮಪ್ಪನೂ ಹಾಗೆಯೇ ನಿಲ್ಲುತ್ತಿದ್ದ. ಆದ್ದರಿಂದ ಅಣ್ಣ ಉಸಿರು ಸಾಲದೆ ಹಾಗೆ ನಿಂತಿದ್ದಾನೆಂದು ನಮಗೆ ಬಹಳ ಕಾಲ ಗೊತ್ತಾಗಲಿಲ್ಲ.

ನಾನು ಹಿರಿಯೂರಿನಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದೆ. ಅವನು ಜವನಗೊಂಡನಹಳ್ಳಿ ಕಡೆಯ ನಮ್ಮ ಊರಿನಲ್ಲೇ ಉಳಿದು ಕುರಿ ನೋಡಿಕೊಂಡ. ನನಗಿಂತ ಎಂಟು ವರ್ಷ ದೊಡ್ಡವನು. ಮೀಸೆ ಮೂಡುವ ಮೊದಲೇ ಬೀಡಿ ಹಿಡಿದವನು, ನನಗೆ ಕಲಿಸಿದವನೂ ಅವನೇ. ಭಾನುವಾರ ಊರಿಗೆ ಹೋಗುವಾಗ ನಾನು ಎರಡು ಕಟ್ಟು ಬೀಡಿ ಒಯ್ಯುತ್ತಿದ್ದೆ. ಅವನಿಗೊಂದು, ನನಗೊಂದು. ಹೊಲದ ಬದುವಿನ ಮೇಲೆ ಕುಳಿತು ಇಬ್ಬರೂ ಸೇದುತ್ತಿದ್ದೆವು. ಮಾತು ಹೆಚ್ಚು ಇರುತ್ತಿರಲಿಲ್ಲ.

ಅವನಿಗೆ ಬೆಳಗಿನ ಕೆಮ್ಮು ಎಷ್ಟು ವರ್ಷದಿಂದ ಇತ್ತೆಂದು ಹೇಳಲಾರೆ. ಎದ್ದ ತಕ್ಷಣ ಕೆಮ್ಮಿ ಕಫ ತೆಗೆಯುವುದು ಮುಖ ತೊಳೆಯುವಷ್ಟೇ ಸಹಜವಾಗಿತ್ತು. ಆಮೇಲೆ ಅವನು ಗುಡ್ಡದ ಕಡೆಗೆ ಕುರಿ ಹೊಡೆಯುವುದನ್ನು ಬಿಟ್ಟ. ಮೇವು ಕಮ್ಮಿ ಎಂದ. ಆಮೇಲೆ ಕುರಿ ಕೂಗುವುದನ್ನು ಬಿಟ್ಟು ಕಲ್ಲೆಸೆದು ತಿರುಗಿಸತೊಡಗಿದ. ನಡೆಯುತ್ತಾ ಮಾತಾಡುವುದು ನಿಂತಿತು, ಮಾತಾಡಬೇಕೆಂದರೆ ನಿಲ್ಲುತ್ತಿದ್ದ. ಸ್ನಾನ ಮಾಡಿ ಬಂದರೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದ. ಬಗ್ಗಿ ಚಪ್ಪಲಿ ಸರಿಮಾಡಿಕೊಂಡರೂ ಏದುಸಿರು. ತುಟಿಗಳನ್ನು ಸಿಳ್ಳೆ ಹಾಕುವವನಂತೆ ಕಿರಿದು ಮಾಡಿ ಉಸಿರು ಬಿಡುತ್ತಿದ್ದ, ಸಿಳ್ಳೆ ಮಾತ್ರ ಬರುತ್ತಿರಲಿಲ್ಲ. ಇವೆಲ್ಲ ಒಂದಾದ ಮೇಲೊಂದು ಎಷ್ಟು ನಿಧಾನವಾಗಿ ಬಂದವೆಂದರೆ ಪ್ರತಿಯೊಂದಕ್ಕೂ ನಮ್ಮ ಬಳಿ ಬೇರೆ ಬೇರೆ ಕಾರಣವಿತ್ತು. ವಯಸ್ಸು, ಚಳಿ, ಬಿಸಿಲು.

ಒಂದು ಭಾನುವಾರ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಾ, ನಡುನಡುವೆ ನಿಂತು ಹೇಳಿದ: "ಅಷ್ಟು ದೊಡ್ಡ ಫ್ಯಾನಿಗೆ ಸಿಗೋ ಗಾಳಿ... ನನಗೆ ಸಿಗವಲ್ದು ನೋಡಲೇ."

ನಾನು ನಕ್ಕೆ. ಅವನು ನಗಲಿಲ್ಲ. ಮಾರನೆಯ ದಿನ ಅವನನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ.

ಆಸ್ಪತ್ರೆಯ ಎದೆರೋಗದ ವಿಭಾಗದಲ್ಲಿದ್ದವರು ವಯಸ್ಸಿನಲ್ಲಿ ಚಿಕ್ಕ ಡಾಕ್ಟರಮ್ಮ. ಮೂಗು ಮುಚ್ಚಿ, ಒಂದು ಕೊಳವೆಗೆ ಜೋರಾಗಿ ಊದಲು ಹೇಳಿದರು. "ಊದ್ರಿ, ಊದ್ರಿ, ಇನ್ನೂ ಊದ್ರಿ, ನಿಲ್ಲಿಸಬ್ಯಾಡ್ರಿ!" ಅಣ್ಣನ ಕಣ್ಣು ಹೊರಬಂದವು. ಆಮೇಲೆ ಒಂದು ಔಷಧಿಯನ್ನು ಉಸಿರಿನ ಜತೆ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ಹೆಚ್ಚು ವ್ಯತ್ಯಾಸವಾಗಲಿಲ್ಲ. ಆಸ್ತಮಾ ಆಗಿದ್ದರೆ ಸಾಮಾನ್ಯವಾಗಿ ಔಷಧಿಗೆ ಉಸಿರಿನ ದಾರಿ ಚೆನ್ನಾಗಿ ತೆರೆದುಕೊಳ್ಳುತ್ತಿತ್ತು, ಇದು ಸಿಒಪಿಡಿ, ಹೊಗೆಯಿಂದ ಉಸಿರಿನ ದಾರಿ ಕಿರಿದಾಗಿ ಉಳಿದುಬಿಟ್ಟಿದೆ ಎಂದರು. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ, ಹಳೆಯ ಗಾಳಿ ಕೂತಿರುವ ಕಡೆ ಹೊಸದಕ್ಕೆ ಜಾಗ ಎಲ್ಲಿ?

"ವಾಸಿ ಆಗ್ತದೇನ್ ತಾಯಿ?" ಅಣ್ಣ ಕೇಳಿದ.

"ಹೋಗಿದ್ದು ವಾಪಸ್ ಬರಲ್ಲ ಯಜಮಾನ್ರೇ. ಎಲ್ಲಾರ ಉಸಿರಿನ ಶಕ್ತಿನೂ ವಯಸ್ಸಾದಂಗೆ ಇಳೀತದೆ. ನಿಮ್ಮದು ಬೀಡಿಯಿಂದ ಬೇಗ ಇಳೀತಾ ಐತೆ. ಇವತ್ತು ಬಿಟ್ರೆ ಇವತ್ತಿಂದ ಇಳಿಯೋದು ನಿಧಾನ ಆಗ್ತದೆ. ಔಷಧಿ ಉಸಿರು ಹಗುರ ಮಾಡ್ತದೆ. ಇಳಿಯೋದನ್ನ ತಡೆಯೋದು ಮುಖ್ಯವಾಗಿ ನಿಮ್ಮ ಕೈಲಿ ಐತೆ."

ಅಣ್ಣ ಸ್ವಲ್ಪ ಯೋಚಿಸಿದ. "ಅಂದ್ರೆ ಕಡಿದಾದ ಇಳಿಜಾರು ಬಿಟ್ಟು ಸುತ್ತು ದಾರೀಲಿ ಕುರಿ ಇಳಿಸಿದಂಗೆ."

"ಹಂಗೇ. ಈ ಮೇಷ್ಟ್ರು ಸೇದ್ತಾರೇನು?" ನನ್ನ ಜೇಬು ನೋಡಿ ಕೇಳಿದರು.

"ನನಗೆ ತಂದ್ಕೊಡೋನೇ ಅವನು," ಎಂದ ಅಣ್ಣ.

ಆಸ್ಪತ್ರೆಯ ಗೇಟಿನ ಬಳಿಯ ಕಸದ ಡಬ್ಬಿಗೆ ಇಬ್ಬರೂ ನಮ್ಮ ನಮ್ಮ ಕಟ್ಟುಗಳನ್ನು ಹಾಕಿದೆವು. ಅವನು ಬೆಂಕಿಪೊಟ್ಟಣವನ್ನು ಮಾತ್ರ ಹಾಕಲಿಲ್ಲ. "ಒಲೆಗೆ ಬೇಕಲ್ಲ," ಎಂದ.

ಅವನಿಗೆ ಎರಡು ಔಷಧಿ ಕೊಟ್ಟಿದ್ದರು. ಒಂದು, ದಿನವೂ ಬೆಳಿಗ್ಗೆ ತಪ್ಪದೆ ತೆಗೆದುಕೊಳ್ಳಬೇಕಾದದ್ದು. ಕ್ಯಾಪ್ಸೂಲನ್ನು ಒಂದು ಪುಟ್ಟ ಯಂತ್ರಕ್ಕೆ ಹಾಕಿ, ತೂತು ಮಾಡಿ, ಪುಡಿಯನ್ನು ಬಾಯಿಂದ ಜೋರಾಗಿ ಎಳೆದುಕೊಳ್ಳಬೇಕು. ಇನ್ನೊಂದು, ಉಸಿರು ಕಟ್ಟಿದಾಗ ಮಾತ್ರ ಒತ್ತಿಕೊಳ್ಳುವ ಪಂಪು. ಅಣ್ಣ ಸೇದುವುದರಲ್ಲಿ ಪಳಗಿದವನು, ಎಳೆಯುವುದನ್ನು ನಾನು ಕಲಿಸಬೇಕಿಲ್ಲ ಎಂದುಕೊಂಡೆ. ಮೊದಲನೆಯ ತಪ್ಪು ಅದು. ಎರಡು ವಾರ ಬಿಟ್ಟು ಹೋದಾಗ ಅತ್ತಿಗೆ ಖಾಲಿ ಕ್ಯಾಪ್ಸೂಲುಗಳನ್ನು ತೋರಿಸಿದಳು. ಅವು ಖಾಲಿಯಾಗಿರಲಿಲ್ಲ. ಪುಡಿ ಅರ್ಧಕ್ಕರ್ಧ ಒಳಗೇ ಇತ್ತು. ಡಾಕ್ಟರ ಬಳಿ ಮತ್ತೆ ಹೋಗಬೇಕೆಂದುಕೊಂಡೆ. ಪರೀಕ್ಷೆ, ಪೇಪರು ತಿದ್ದುವುದು, ಮುಂದೂಡಿದೆ.

ಆದರೆ ಬೀಡಿ ಬಿಟ್ಟಿದ್ದ. ಮೂರು ತಿಂಗಳು, ಒಂದೂ ಇಲ್ಲ. ಬೆಳಗಿನ ಕೆಮ್ಮು ಕಮ್ಮಿಯಾಗಿತ್ತು. ಅತ್ತಿಗೆ ಸಾರಿಗೆ ಹೆಚ್ಚು ಉಪ್ಪು ಹಾಕಿದ್ದಾಳೆಂದು ಜಗಳ ತೆಗೆಯುತ್ತಿದ್ದ. ಅವಳು, "ನಲವತ್ತು ವರ್ಷ ನಾಲಿಗೆ ಸತ್ತಿತ್ತು, ಈಗ ಎದ್ದು ಕುಂತೈತೆ," ಎಂದು ನಗುತ್ತಿದ್ದಳು.

ಹಿರಿಯರ ಹಬ್ಬ ಬಂತು. ನಮ್ಮ ಮನೆಯಲ್ಲಿ ಸತ್ತವರಿಗೆ ಎಡೆ ಇಡುವಾಗ ಅವರಿಗೆ ಇಷ್ಟವಾದದ್ದೆಲ್ಲ ಇರಬೇಕು. ಹೊಸ ಬಟ್ಟೆ, ಮುದ್ದೆ, ಮಾಂಸದ ಸಾರು, ಅಪ್ಪನಿಗೆ ಬೀಡಿ. ಬರೀ ಇಟ್ಟರೆ ಸಾಲದು, ಹಚ್ಚಿ ಇಡಬೇಕು. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ, ಹಿರಿಯರು ಬಂದು ಉಂಡು ಹೋಗಲೆಂದು. ಅಪ್ಪ ಸತ್ತದ್ದು ದಮ್ಮಿನಿಂದ. ಗೋಡೆಗೆ ಒರಗಿ, ಕೂತಲ್ಲೇ. ಆಗ ಅದಕ್ಕೆ ಬೇರೆ ಹೆಸರು ನಮಗೆ ಗೊತ್ತಿರಲಿಲ್ಲ. ಪ್ರತಿವರ್ಷ ಅವನಿಗೆ ಬೀಡಿ ಕೊಡುತ್ತಿದ್ದೆವು.

ಬೀಡಿಯನ್ನು ಕಡ್ಡಿ ಗೀರಿ ಸುಮ್ಮನೆ ಹಿಡಿದರೆ ಅದು ಹತ್ತಿಕೊಂಡು ನಿಲ್ಲುವುದಿಲ್ಲ. ಬಾಯಲ್ಲಿಟ್ಟು ಎರಡು ಮೂರು ಸಲ ಎಳೆಯಬೇಕು. ಆ ವರ್ಷ ಎಡೆ ಬಡಿಸಿಯಾದ ಮೇಲೆ ಬೀಡಿ ನನ್ನ ಕೈಯಲ್ಲಿತ್ತು. ಕಟ್ಟು ತಂದವನು ನಾನೇ. ಎಲೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಾನೂ ಬಿಟ್ಟು ಮೂರು ತಿಂಗಳಾಗಿತ್ತು. ಒಮ್ಮೆ ತುಟಿಗಿಟ್ಟರೆ ನನ್ನ ಕತೆ ಮುಗಿಯಿತೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಅದನ್ನು ಅಣ್ಣನಿಗೆ ಚಾಚಿದೆ.

"ಹಿರೇ ಮಗ ನೀನು. ನೀನೇ ಹಚ್ಚಬೇಕು," ಎಂದೆ.

ಅವನು ನನ್ನ ಮುಖ ನೋಡಿದ. ಅತ್ತಿಗೆ, "ಬ್ಯಾಡ ಬಿಡ್ರಿ," ಅಂದಳು.

"ನಾನೇನು ಸೇದ್ತೀನೇನೆ? ಅಪ್ಪಗೆ ಹಚ್ಚಿಕೊಡ್ತೀನಿ," ಎಂದ ಅಣ್ಣ. ಮೂರು ಸಲ ಎಳೆದ. ಮೂರನೆಯದನ್ನು ಒಳಗೆ ಇಟ್ಟುಕೊಂಡ. ನಾನು ನೋಡಿದೆ.

ಬಾಗಿಲು ಮುಚ್ಚಿ ಹೊರಗೆ ಕೂತೆವು. ಕಟ್ಟಿನಲ್ಲಿ ಉಳಿದ ಬೀಡಿಗಳನ್ನು ನಾನು ವಾಪಸ್ ತೆಗೆದುಕೊಂಡು ಹೋಗಲಿಲ್ಲ. ಮರೆತೆ ಎಂದು ಬಹಳ ದಿನ ಹೇಳಿಕೊಂಡೆ. ಮರೆತಿರಲಿಲ್ಲ, ಅದನ್ನು ಕೈಯಲ್ಲಿ ಹಿಡಿಯಲು ಹೆದರಿದ್ದೆ.

ದೀಪಾವಳಿಯ ಹೊತ್ತಿಗೆ ಅಣ್ಣ ದಿನಕ್ಕೊಂದು ಕಟ್ಟು ಮುಗಿಸುತ್ತಿದ್ದನೆಂದು ಆಮೇಲೆ ತಿಳಿಯಿತು. ಚಳಿ ಬಿದ್ದ ಮೇಲೆ ಅವನಿಗೆ ಶೀತವಾಯಿತು, ಕಫ ಹಸಿರು ತಿರುಗಿತು. ಎರಡೇ ದಿನದಲ್ಲಿ ಒಂದು ವಾಕ್ಯ ಪೂರ್ತಿ ಹೇಳಲು ಆಗದಂತಾದ. ಹಿರಿಯೂರಿನ ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕು ಹಾಕಿ ಔಷಧಿಯ ಆವಿ ಕೊಟ್ಟು, ಅಲ್ಲಿಂದ ಚಿತ್ರದುರ್ಗಕ್ಕೆ ಕಳಿಸಿದರು. ಅಲ್ಲಿ ಎಂಟು ದಿನ ಇದ್ದ. ಮಂಚದ ಮೇಲೆ ಕೂತು, ಎದುರಿಗಿಟ್ಟ ದಿಂಬಿನ ಮೇಲೆ ಮೊಣಕೈ ಊರಿ, ಭುಜ ಎತ್ತಿ. ಕೋಲಿಲ್ಲದೆ ಅದೇ ಭಂಗಿ. ನಾನು ಅದನ್ನು ಆಗ ಗುರುತಿಸಿದೆ.

ಅದೇ ಡಾಕ್ಟರಮ್ಮ ಯಂತ್ರವನ್ನು ನೋಡಿ ಕೇಳಿದರು: "ಇದನ್ನ ಎಳೆಯೋ ಶಕ್ತಿ ಐತೇನು ಇವರಿಗೆ? ನೋಡಿದ್ರಾ ಯಾರಾದ್ರೂ?" ನಾನು ಅರ್ಧ ತುಂಬಿದ ಕ್ಯಾಪ್ಸೂಲುಗಳ ವಿಷಯ ಹೇಳಿದೆ. ಅವರು ಬೈಯಲಿಲ್ಲ. ದಿನದ ಔಷಧಿಯನ್ನೂ ಪಂಪಿನಲ್ಲೇ ಕೊಟ್ಟು, ಅದಕ್ಕೆ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಒಮ್ಮೆ ಒತ್ತಿ, ಡಬ್ಬಿಯೊಳಗಿಂದ ನಿಧಾನವಾಗಿ ಎಳೆದು, ಹತ್ತು ಎಣಿಸುವ ತನಕ ಹಿಡಿದು ಬಿಡಬೇಕು. ಜೋರು ಬೇಕಿಲ್ಲ. ಅತ್ತಿಗೆಯ ಮುಂದೆ ಮೂರು ಸಲ ಮಾಡಿಸಿದರು.

ಹೊರಗೆ ಕರೆದು ನನಗೆ ಹೇಳಿದರು: "ಇಂಥದ್ದು ಒಂದೊಂದು ಸಲ ಬಂದಾಗಲೂ ಸ್ವಲ್ಪ ಶಕ್ತಿ ಹೊತ್ಕೊಂಡು ಹೋಗ್ತದೆ ಮೇಷ್ಟ್ರೇ. ಅದು ತಿರುಗಿ ಬರೋದು ಕಷ್ಟ."

ಆ ಸಲ ಅದು ಹೊತ್ತೊಯ್ದದ್ದು ಕುರಿ ಕಾಯುವುದನ್ನು. ಅಣ್ಣ ಮತ್ತೆ ಮಂದೆಯ ಹಿಂದೆ ಹೋಗಲಿಲ್ಲ. ಅವನ ಮಗ ಹೊಡೆದುಕೊಂಡು ಹೋಗುವಾಗ ಕಟ್ಟೆಯ ಮೇಲಿಂದ ನೋಡುತ್ತಿದ್ದ. ಮಂದೆ ತಿರುವಿನಲ್ಲಿ ಮರೆಯಾದ ಮೇಲೂ ಅತ್ತಲೇ ನೋಡುತ್ತಿದ್ದ.

ಬೀಡಿಯನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ನಾನು ಒಮ್ಮೆ ಕಟ್ಟೆಯ ಮೇಲೆ ಅವನ ಪಕ್ಕ ಕೂತು, ಆವತ್ತು ಯಾಕೆ ಬೀಡಿಯನ್ನು ಅವನ ಕೈಗೆ ಕೊಟ್ಟೆನೆಂದು ಹೇಳಿದೆ. ಅವನು ತುಟಿ ಕಿರಿದು ಮಾಡಿ ಉಸಿರು ಬಿಟ್ಟು, ನಿಧಾನವಾಗಿ ಹೇಳಿದ: "ಗೊತ್ತಿತ್ತು ಕಣಲೇ. ಬೀಡಿನ ಮೂಸ್ತಾ ನಿಂತಿದ್ದೆ." ಇನ್ನೊಂದು ಉಸಿರು ಎಳೆದುಕೊಂಡು, "ಇಬ್ಬರಲ್ಲಿ ಒಬ್ಬನಾದ್ರೂ ಉಳೀಲಿ ಅಂದ್ಕಂಡೆ," ಎಂದ.

ಮುಂದಿನ ವರ್ಷ ಅತ್ತಿಗೆ ಅಪ್ಪನ ಎಡೆಯ ಮೇಲೆ ಬೀಡಿಯನ್ನು ಹಚ್ಚದೆ ಇಟ್ಟಳು. "ಹಸೀ ಬೀಡಿ ಇಟ್ರೆ ಅಪ್ಪ ಏನ್ ಮಾಡ್ತಾನೆ?" ಎಂದು ಅಣ್ಣ ಕೆಣಕಿದ. "ಅಲ್ಲೇನು ಬೆಂಕಿ ಸಿಗಲ್ವಾ? ಹಚ್ಕಂತಾನೆ ಬಿಡ್ರಿ," ಎಂದಳು. ಅಣ್ಣನಿಗೆ ಹೊಗೆ ಆಗದೆಂದು ಅಗರಬತ್ತಿ, ಸಾಂಬ್ರಾಣಿಗಳನ್ನೂ ಅವಳು ಆಗಿನಿಂದ ನಿಲ್ಲಿಸಿದಳು.

ಆಸ್ಪತ್ರೆಯಿಂದ ಬಂದ ಮೇಲೆ ಅಣ್ಣ ಆರು ವರ್ಷ ಇದ್ದ. ಊರ ಮುಂದಿನ ಹುಣಸೆಮರದ ತನಕ ಕೋಲೂರಿ ಹೋಗಿ, ಕೂತು, ವಾಪಸ್ ಬರುವುದು ಐದು ವರ್ಷ ನಡೆಯಿತು. ಕೊನೆಯ ವರ್ಷ ಅಂಗಳದ ತನಕ. ಬೀಡಿ ಬಿಡದೇ ಇದ್ದ ಅವನ ಓರಗೆಯವನೊಬ್ಬ, ಅವನಿಗಿಂತ ಗಟ್ಟಿಯಾಗಿದ್ದವನು, ಅಷ್ಟರೊಳಗೆ ಹಾಸಿಗೆ ಹಿಡಿದು ಹೋಗಿದ್ದ. ಹೋದ ಮಾಗಿಯಲ್ಲಿ ಅಣ್ಣನಿಗೆ ಮತ್ತೆ ಶೀತ ಬಂತು. ಈ ಸಲ ಹೊತ್ತೊಯ್ಯಲು ಹೆಚ್ಚೇನೂ ಉಳಿದಿರಲಿಲ್ಲ.

ಈ ವರ್ಷದ ಹಬ್ಬದಲ್ಲಿ ಅಪ್ಪನ ಎಲೆಯ ಪಕ್ಕ ಅಣ್ಣನಿಗೂ ಒಂದು ಎಲೆ ಹಾಕಿದೆವು. ಹೊಸ ಪಂಚೆ, ಮುದ್ದೆ, ಉಪ್ಪು ಕಮ್ಮಿ ಹಾಕಿದ ಸಾರು. ಅವನ ಮಗ ಪೇಟೆಯಿಂದ ತಂದ ಸಾಮಾನಿನ ಜತೆ ಎರಡು ಕಟ್ಟು ಬೀಡಿ ಇತ್ತು. ಒಂದನ್ನು ತಾತನ ಎಲೆಯ ಮೇಲಿಟ್ಟು, ಇನ್ನೊಂದನ್ನು ತನ್ನ ಅಪ್ಪನ ಎಲೆಗೆ ಇಡಲು ಬಗ್ಗಿದ.

ಅತ್ತಿಗೆ ಅವನ ಕೈ ಹಿಡಿದಳು.

"ಅವರು ಬಿಟ್ಟಿದ್ರು ಕಣಪ್ಪ," ಎಂದಳು.

ಆ ಕಟ್ಟನ್ನು ಅವಳು ಎಲ್ಲಿಡಬೇಕೆಂದು ತಿಳಿಯದೆ ಹಿಡಿದು ನಿಂತಿದ್ದಳು. ನಾನು ಕೈ ಚಾಚಿ ತೆಗೆದುಕೊಂಡೆ, ಹೊರಗೆ ಹೋಗಿ ನೀರೊಲೆಯ ಬೆಂಕಿಗೆ ಹಾಕಿ, ಹೊಗೆ ಬರುವಷ್ಟರಲ್ಲಿ ದೂರ ಸರಿದೆ. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಕಟ್ಟೆಯ ಮೇಲೆ ಕೂತೆವು, ಅವನು ಬಂದು ಉಂಡು ಹೋಗುವ ತನಕ. ಅವನಿಗೆ ನಡೆಯಲು ಹೊತ್ತು ಬೇಕಾಗುತ್ತದೆಂದು, ಬಾಗಿಲು ತೆರೆಯಲು ನಾವು ಯಾರೂ ಅವಸರ ಮಾಡಲಿಲ್ಲ.