ನಾನು ಅಳಿಸಿದ ಪೆನ್ಸಿಲ್ ಗುರುತುಗಳು

ನಾನು ಓದಿದ್ದು ಐದನೇ ಕ್ಲಾಸು. ನನ್ನ ಅಣ್ಣ ಮಂಗಳೂರಿನ ಸೆಮಿನರಿಯಲ್ಲಿ ಪಾದ್ರಿಯಾಗಲು ಏಳು ವರ್ಷ ಓದಿ, ಕೊನೆಗೆ ಬಿಟ್ಟು ಬಂದವನು. ಅಲ್ಲಿಂದ ಅವನು ತಂದ ಆಸ್ತಿ ಎಂದರೆ ಲ್ಯಾಟಿನ್ ಒಂದೇ. ತೊಂಬತ್ತರ ದಶಕದಲ್ಲಿ ನಾವಿಬ್ಬರೂ ಒಮಾನಿನ ಅಲ್ ಮವಾಲೇಹ್‌ನಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೆವು. ಅವನು ಹಗಲು ಒಂದು ಕಂಪೆನಿಯಲ್ಲಿ ಟೈಪಿಸ್ಟ್, ವಾರಕ್ಕೆರಡು ಸಂಜೆ ಇಂಗ್ಲಿಷರ ಶಾಲೆಯೊಂದರಲ್ಲಿ ಲ್ಯಾಟಿನ್ ಮೇಷ್ಟ್ರು. ನಾನು ಮನೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೆ.

ಅಲ್ಲಿ ಆಗ ವಾರದ ರಜೆ ಗುರುವಾರ, ಶುಕ್ರವಾರ. ಗುರುವಾರ ಬೆಳಿಗ್ಗೆ ಚಹಾ ಮುಗಿಸಿ ಅಣ್ಣ ಒಂಬತ್ತು ನೋಟ್‌ಬುಕ್ ಹರಡಿ ಕೂರುತ್ತಿದ್ದ. ಮಕ್ಕಳು ಬರೆದ ಸಣ್ಣ ಸಣ್ಣ ಪ್ರಬಂಧಗಳು. ಅವನು ಸರಿಯುತ್ತರ ಬರೆದುಕೊಡುತ್ತಿರಲಿಲ್ಲ. ವಿಭಕ್ತಿ ತಪ್ಪಿದ್ದರೆ ಪದದ ಕೊನೆಗೆ ಮಾತ್ರ ಅಡಿಗೆರೆ. ವಿಶೇಷಣವೂ ನಾಮಪದವೂ ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ಸೇರಿಸಿ ಒಂದು ಬಿಲ್ಲು. ಕ್ರಿಯಾಪದದ ಕೊನೆ ತಪ್ಪಿದ್ದರೆ ಸುತ್ತು. ಎಲ್ಲವೂ ಪೆನ್ಸಿಲಿನಲ್ಲಿ, ಹಗುರವಾಗಿ. ಮಕ್ಕಳು ತಾವೇ ಯೋಚಿಸಿ ತಿದ್ದಿ, ಆಮೇಲೆ ಗುರುತನ್ನು ರಬ್ಬರಿನಿಂದ ಅಳಿಸಬೇಕು.

"ಕೆಂಪು ಶಾಯಿ ಹಾಕಿದರೆ ತಪ್ಪು ಹಾಗೇ ಉಳಿಯುತ್ತದೆ ಮಾರಾಯ್ತಿ" ಎನ್ನುತ್ತಿದ್ದ. ಒಮ್ಮೆ ನನಗೂ ತೋರಿಸಿದ: "ಇಲ್ಲಿ ನೋಡು, ಅಗ್ರಿಕೊಲಾ ಅಂದರೆ ರೈತ. ಪದದ ಕೊನೆ ಹೆಣ್ಣಿನ ಹಾಗೆ, ಆಸಾಮಿ ಗಂಡು. ಒಳ್ಳೆಯ ರೈತ ಎನ್ನಲು ಬೋನುಸ್ ಬರೆಯಬೇಕು. ಇವರೆಲ್ಲ ಬೋನಾ ಬರೆದು ಅವನಿಗೆ ಸೀರೆ ಉಡಿಸಿದ್ದಾರೆ!" ಹೇಳಿ ತಾನೇ ನಗುತ್ತಿದ್ದ. ವಾರದಲ್ಲಿ ಅವನು ಹಾಗೆ ನಗುತ್ತಿದ್ದದ್ದು ಗುರುವಾರ ಮಾತ್ರ.

ಆ ಒಂಬತ್ತರಲ್ಲಿ ಒಂದು ನಮ್ಮೂರಿನವರೇ ಆದ ಒಬ್ಬ ಮ್ಯಾನೇಜರರ ಮಗಳದ್ದು. ಅವಳ ತಾಯಿ ನನ್ನ ಗಿರಾಕಿ. ಒಂದು ದಿನ ಅಳತೆಗೆಂದು ಹೋದಾಗ ಆಕೆ ನನ್ನನ್ನು ಸೋಫಾದ ಮೇಲೆ ಕೂರಿಸಿ, ಗಾಜಿನ ಲೋಟದಲ್ಲಿ ಜ್ಯೂಸ್ ಕೊಟ್ಟರು.

"ನಿಮ್ಮ ಅಣ್ಣನ ಪೆನ್ಸಿಲಿಗೆ ನನ್ನ ಮಗಳ ಮೇಲೇ ಯಾಕೆ ಅಷ್ಟು ಕೋಪ? ಅವಳಪ್ಪ ಪುಸ್ತಕ ನೋಡಿದ ದಿನ ಮನೆಯಲ್ಲಿ ಊಟವಿಲ್ಲ. ನೀವು ಒಂದು ಮಾತು ಹೇಳಿ. ನೀವು ಹೇಳಿದರೆ ಕೇಳ್ತಾರೆ."

ನಾನು ಅಣ್ಣನಿಗೆ ಹೇಳಲಿಲ್ಲ. ಹೇಳಿದರೆ ಅವನು ಕೇಳುವುದಿಲ್ಲವೆಂದು ಗೊತ್ತಿತ್ತು. ಶುಕ್ರವಾರ ಪುಸ್ತಕಗಳನ್ನು ಚೀಲಕ್ಕೆ ತುಂಬುವ ಕೆಲಸ ನನ್ನದು. ಆ ಹುಡುಗಿಯ ಪುಟದಲ್ಲಿ ಹದಿನೈದು ಗುರುತುಗಳಿದ್ದವು. ಎಂಟನ್ನು ಅಳಿಸಿದೆ. ಯಾವುದು ದೊಡ್ಡ ತಪ್ಪು, ಯಾವುದು ಸಣ್ಣದು ಎಂದು ನನಗೆ ತಿಳಿಯದು. ಒಂದು ಬಿಟ್ಟು ಒಂದು ಅಳಿಸಿದೆ, ಅಷ್ಟೇ. ಹುಡುಗಿಯ ಮೇಲಿನ ಕನಿಕರ ಎಂದು ಆಗ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಸೋಫಾ, ಆ ಗಾಜಿನ ಲೋಟ. ನಾಲ್ಕು ವಾರ ಹೀಗೇ ಮಾಡಿದೆ.

ಐದನೆಯ ಗುರುವಾರ ಅಣ್ಣ ಆ ನೋಟ್‌ಬುಕ್ಕಿನ ಹಳೆಯ ಪುಟಗಳನ್ನು ತಿರುಗಿಸಿದ. ಎದ್ದು ಕಿಟಕಿಯ ಬೆಳಕಿಗೆ ಹಿಡಿದ.

"ಹುಡುಗರು ಹಲವರು, ಕ್ರಿಯಾಪದ ಒಬ್ಬನದು. ಇದು ನನ್ನ ಕಣ್ಣಿಗೆ ಬೀಳಲಿಲ್ಲವಾ?" ಇನ್ನೊಂದು ಪುಟ ತಿರುಗಿಸಿದ. "ಇದೂ? ರೈತನಿಗೆ ಸೀರೆ ಉಡಿಸಿದ್ದನ್ನೂ ಬಿಟ್ಟಿದ್ದೇನಲ್ಲ!"

ನಾನು ಮೆಷಿನ್ ತುಳಿಯುತ್ತಲೇ ಇದ್ದೆ.

ಅವನು ಕಣ್ಣಿನ ಡಾಕ್ಟರ ಹತ್ತಿರ ಹೋದ. ಕಣ್ಣು ಸರಿಯಾಗಿದೆ ಎಂದರಂತೆ. "ಕಣ್ಣು ಸರಿ ಇದ್ದರೆ ಮತ್ತೆ ತಲೆಯೇ" ಎಂದು ಶಾಂತವಾಗಿ ಹೇಳಿದ. ನಮ್ಮ ಅಪ್ಪನಿಗೆ ಕೊನೆಗಾಲದಲ್ಲಿ ಮಕ್ಕಳ ಹೆಸರೇ ನೆನಪಿರಲಿಲ್ಲ. ಅವನು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ನಾನು ಒಂದು ಗುರುತನ್ನೂ ಮುಟ್ಟಲಿಲ್ಲ. ಆದರೂ ಅವನು ಪ್ರತಿ ಪುಟವನ್ನು ಮೂರು ಸಲ ಓದತೊಡಗಿದ. ನಗು ನಿಂತಿತು.

ಟರ್ಮ್ ಮುಗಿಯುವಾಗ ಕೇಳಿದ: "ಮಕ್ಕಳಿಗೆ ತಪ್ಪು ಕಲಿಸಿದರೆ ಪಾಪ. ಶಾಲೆಯವರು ಮುಂದುವರಿಸಿ ಎನ್ನುತ್ತಾರೆ. ನೀನು ಹೇಳು, ಬಿಡಲಾ?"

ಬಾಯಿ ಬಿಟ್ಟು ಹೇಳಿದ್ದರೆ ಎರಡು ದಿನ ಬೈಯುತ್ತಿದ್ದ. ಮೂರನೆಯ ದಿನ ಚಹಾ ಕೇಳುತ್ತಿದ್ದ. ಅಷ್ಟು ನನಗೆ ಗೊತ್ತಿತ್ತು. ಆದರೂ ಅಂದೆ: "ಸಾಕು ಅಣ್ಣ, ಬಿಡು. ನಿನಗೂ ವಿಶ್ರಾಂತಿ ಬೇಕಲ್ಲ."

ಅವನು ಬಿಟ್ಟ. ಗುರುವಾರ ಬೆಳಿಗ್ಗೆ ತರಕಾರಿ ಮಾರುಕಟ್ಟೆಗೆ ಹೋಗಿ ಬಂದು, ಊರಿಗೆ ಕಾಗದ ಬರೆಯುತ್ತಿದ್ದ. ಬರೆದದ್ದನ್ನು ಮಡಿಸುವ ಮೊದಲು, ಐದನೇ ಕ್ಲಾಸಿನ ನನ್ನ ಕೈಗೆ ಕೊಟ್ಟು ಕೇಳುತ್ತಿದ್ದ: "ಎಲ್ಲಾದರೂ ತಪ್ಪಿದೆಯಾ ನೋಡು."

ನಾನು ನೋಡಿ, ಇಲ್ಲ ಎನ್ನುತ್ತಿದ್ದೆ.