ಪರ್ಮನೆಂಟ್ ಪಿಂಕ್

ಹೊಸೂರಿನ ಹತ್ತಿರದ ಶಾಲೆಯಲ್ಲಿ ನಾನು ಕೆಮಿಸ್ಟ್ರಿ ಟೀಚರ್ ಆಗಿದ್ದ ಕೊನೆಯ ವರ್ಷ. ಮಾರನೇ ದಿನವೇ ಪ್ಲಸ್ ಟೂ ಮಕ್ಕಳಿಗೆ ಪ್ರಾಕ್ಟಿಕಲ್ ಪರೀಕ್ಷೆ. ಲ್ಯಾಬಿನಲ್ಲಿ ಅಭ್ಯಾಸ ಮಾಡುತ್ತಿದ್ದ ಜವಳಗಿರಿಯ ಹುಡುಗಿಯೊಬ್ಬಳು ಫ್ಲಾಸ್ಕ್ ಎತ್ತಿ ತೋರಿಸಿದಳು. ಆಸಿಡ್ ಬೆರೆಸಿದ ಫೆರಸ್ ಸಲ್ಫೇಟ್‌ಗೆ ಬ್ಯೂರೆಟ್‌ನಿಂದ ಪರ್ಮಾಂಗನೇಟ್ ಬಿಟ್ಟೂ ಬಿಟ್ಟೂ ಬೀಟ್‌ರೂಟ್ ರಸದಂತೆ ಮಾಡಿದ್ದಳು.

"ಏನೇ, ಜ್ಯೂಸ್ ಅಂಗಡಿ ಇಟ್ಟಿದ್ದೀಯಾ?"

"ಪರ್ಮನೆಂಟ್ ಪಿಂಕ್ ಬರೋಗಂಟ ಬಿಡು ಅಂದಿದ್ದು ನೀವೇ ತಾನೇ ಮಿಸ್? ಮೊದ್ಲು ಬಂದಿದ್ದು ತೆಳ್ಳಗಿತ್ತು. ನಮ್ಮಪ್ಪನ ಥರ ಅದೂ ಕಾಂಟ್ರಾಕ್ಟ್ ಅನ್ಕೊಂಡೆ."

ಅವಳಪ್ಪ ಫ್ಯಾಕ್ಟರಿಯಲ್ಲಿ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ನಾನು ನಗು ತಡೆದುಕೊಂಡೆ.

"ಅಲ್ಲಾಡ್ಸಿದ್ರೂ ಹೋಗ್ದೆ ನಿಂತ್ರೆ ಆ ತೆಳ್ಳಗಿರೋದೇ ಪರ್ಮನೆಂಟ್ ಕಣೇ. ನಾಳೆ ಹಿಂಗೇ ಮಾಡಿದ್ರೆ ಮಾರ್ಕು ಹೋಗ್ಬುಡ್ತದೆ. ಮೊದ್ಲಿಂದ ಮಾಡು."

ಫ್ಲಾಸ್ಕ್ ತೊಳೆದಳು. ಪಿಪೆಟ್‌ನಿಂದ ಹೊಸದಾಗಿ ದ್ರಾವಣ ಅಳೆದು, ಆಸಿಡ್ ಸೇರಿಸಿ, ಬ್ಯೂರೆಟ್ ತುಂಬಿಕೊಂಡಳು. ಬಿದ್ದ ಪರ್ಮಾಂಗನೇಟಿನ ಬಣ್ಣ ಮಾಯವಾಗುವುದು ನಿಧಾನವಾದ ಮೇಲೆ ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಿದಳು. ಒಂದು ಹನಿಗೆ ತಿಳಿ ಗುಲಾಬಿ ನಿಂತುಬಿಟ್ಟಿತು. ಉಸಿರು ಬಿಗಿಹಿಡಿದು ಕಾದಳು. ಬಣ್ಣ ಹೋಗಲಿಲ್ಲ.

"ಮಿಸ್, ಪರ್ಮನೆಂಟ್ ಆಗ್ಬುಟ್ತು!"

"ಹಂಗಾದ್ರೆ ಸ್ವೀಟ್ ಎಲ್ಲೇ?"

ಆ ಫ್ಲಾಸ್ಕನ್ನು ಚೆಲ್ಲಲು ಅವಳಿಗೆ ಮನಸ್ಸೇ ಬರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ.