ಪೋತ್ನಾಳದ ಮಿಲ್ಲಿನ ನುಚ್ಚು

ನಗಬ್ಯಾಡೋ ತಮ್ಮಾ! ಚಲೋ ಮಿಷಿನ್ ಕೆಡಸಾಕ ಕರಾರು ಬರಕೊಟ್ಟ ಮನಷ್ಯಾ ಇದ್ದ ಅಂದ್ರ ಇದ್ದ. ದೇವದುರ್ಗದ ಸಾಬಣ್ಣ. ನಂಬಿಕಿ ಇಲ್ಲಂದ್ರ ಕಿವಿ ಮುಚ್ಚಿಕೊಂಡು ಕೇಳು.

ಸಾಬಣ್ಣ ರಾಯಚೂರಿನ ಒಂದು ಮಿಷಿನ್ ಕಂಪನಿಯ ಮೆಕ್ಯಾನಿಕ್. ಕುರಿ ಕಾಯುವ ಮನೆತನದವನು. ಕುರಿಯ ಕೆಮ್ಮು ಕೇಳಿ ರೋಗ ಹೇಳುತ್ತಿದ್ದ ಹಾಗೆಯೇ ಬೇರಿಂಗಿನ ಕೆಮ್ಮು ಕೇಳಿಯೂ ಹೇಳುತ್ತಿದ್ದ. ಎಪ್ಪತ್ತೆಂಟನೇ ಇಸವಿಯಲ್ಲಿ ಕಂಪನಿ ಅವನನ್ನು ಪೋತ್ನಾಳದ ಸಾಹುಕಾರ ವಿರೂಪಣ್ಣನವರ ಅಕ್ಕಿ ಮಿಲ್ಲಿಗೆ ಮೂರು ತಿಂಗಳು ಪುಕ್ಕಟೆ ಕಳಿಸಿತು. ಪ್ರತಿ ಸೋಮವಾರ ಹೋಗಿ ಮಿಷಿನ್ ನೋಡಿಕೊಳ್ಳಬೇಕು. ಮೆಚ್ಚುಗೆಯಾದರೆ ಸಾಹುಕಾರರು ವರ್ಷದ ಸರ್ವಿಸ್ ಕರಾರು ಮಾಡಿಕೊಳ್ಳಬೇಕು. ಕರಾರಾದರೆ ಸಾಬಣ್ಣನ ನೌಕರಿ ಕಾಯಂ, ಆಗದಿದ್ದರೆ ಮತ್ತೆ ಕುರಿ.

ಸಾಬಣ್ಣ ಮೈಮುರಿದು ದುಡಿದ. ಭತ್ತದ ಹೊಟ್ಟು ಸುಲಿಯುವ ಎರಡು ರಬ್ಬರ್ ರೋಲಿನಲ್ಲಿ ಜೋರಾಗಿ ತಿರುಗುವುದು ಬೇಗ ಸವೆಯುತ್ತದೆ. ಎರಡನ್ನೂ ಅದಲುಬದಲು ಮಾಡಿದ, ನಡುವಿನ ಸಂದನ್ನು ಹದಕ್ಕೆ ತಂದ. ಅಕ್ಕಿ ಮುರಿಯುವುದು ಭಾರಿ ಕಡಿಮೆಯಾಯಿತು, ಸದ್ದೂ ಅಡಗಿತು. ಮೊದಲು ಆ ಮಿಲ್ಲಿನ ಸದ್ದಿಗೆ ಹೆದರಿ ಹೊಳೆದಂಡೆಯ ಚೀಕಲಪರ್ವಿ ಊರಿನ ಮೊಸಳೆಗಳು ಆಚೆ ದಡಕ್ಕೆ ಓಡಿಹೋಗಿದ್ದವು; ಈಗ ಸಂಸಾರ ಸಮೇತ ವಾಪಸ್ ಬಂದವು.

ಮೂರು ತಿಂಗಳು ಮುಗಿದ ದಿನ ಸಾಬಣ್ಣ ಇಸ್ತ್ರಿ ಅಂಗಿ ತೊಟ್ಟು ಕರಾರಿನ ಕಾಗದ ಹಿಡಿದು ಬಂದ.

“ಸಾವ್ಕಾರ್ರೀ, ಇಲ್ಲೀತನ ಬರೇ ರೋಲ್ ನೋಡೀನ್ರಿ. ವರ್ಷದ ಕರಾರು ಮಾಡಿದ್ರ ಬೆಲ್ಟು, ಬೇರಿಂಗು, ಎಂಜಿನ್ ಎಲ್ಲಾ ನಮ್ಮ ತಲಿಮ್ಯಾಲರಿ. ಸುಗ್ಗ್ಯಾಗ ಕರದ್ರ ಅವತ್ತ ಬರ್ತೀನ್ರಿ.”

ವಿರೂಪಣ್ಣನವರು ಪೆನ್ನು ತೆಗೆದರು. ಅಷ್ಟರಲ್ಲಿ ಅವರ ಹೆಂಡತಿ ವೀರಭದ್ರಮ್ಮ, ಅಕ್ಕಿ ಕೇರುವ ಯಮನಮ್ಮನನ್ನು ಕರೆದುಕೊಂಡು ಒಳಗೆ ಬಂದರು. ಪೆನ್ನಿನ ಮುಚ್ಚಳ ತಾನಾಗಿಯೇ ಮುಚ್ಚಿಕೊಂಡಿತು.

ಆ ಮಿಲ್ಲಿನ ಪದ್ಧತಿ ಅಂದರೆ, ಮುರಿಯದ ಇಡಿ ಅಕ್ಕಿ ಸಾಹುಕಾರರದು, ಮುರಿದ ನುಚ್ಚು ಮನೆಯೊಡತಿಯದು. ಆಕೆ ಅದನ್ನು ಕೇರುವ ಹೆಣ್ಣುಮಕ್ಕಳಿಗೆ ಹಂಚಿ, ಉಳಿದದ್ದನ್ನು ತನ್ನ ಎಮ್ಮೆಗಳಿಗೆ ಹಾಕುತ್ತಿದ್ದರು.

“ಇಂವನಾ ನಮ್ಮ ನುಚ್ಚು ನುಂಗಿದಾಂವ?” ಅಂದರು ವೀರಭದ್ರಮ್ಮ.

“ನುಂಗಿಲ್ರಿ ಯವ್ವಾ, ಅಕ್ಕಿ ಇಡೀ ಉಳದದರಿ!”

“ಉಳದಿದ್ದು ಸಾವ್ಕಾರ್ರಿಗಿ, ನಮಗ ಖಾಲಿ ಮರ,” ಯಮನಮ್ಮ ಕೈಲಿದ್ದ ಮೊರ ಝಾಡಿಸಿದಳು. “ಮೂರು ತಿಂಗಳಿಗಿ ಹಿಂಗ. ವರ್ಷಾದ್ರ ಮರಾನೂ ಉಳಿಯಂಗಿಲ್ಲ.”

ಸಾಹುಕಾರರು ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕತೊಡಗಿದರು. ಸಾಬಣ್ಣನ ಕಣ್ಣ ಮುಂದೆ ಕುರಿ ಮಂದೆ ಹಾದುಹೋಯಿತು. ಗಡಬಡಿಸಿ ಕಾಗದದ ಕೊನೆಗೆ ಒಂದು ಸಾಲು ಸೇರಿಸಿದ.

“ಸೋಮವಾರ ಮುಂಜಾನಿ ರೋಲಿನ ಸಂದು ಬಿಗಿ ಮಾಡ್ತೀನ್ರಿ ಯವ್ವಾ, ಅಕ್ಕಿ ಮುರೀತದ. ಸಂಜಿಕ ಮತ್ತ ಹದಕ್ಕ ತರ್ತೀನ್ರಿ. ದಿನಾಪೂರ್ತಿ ಕೂಡಬೇಕಲ್ರಿ, ಅದಕ್ಕ ರೊಕ್ಕ ಸ್ವಲ್ಪ ಬ್ಯಾರೆ...”

“ಕೊಡ್ತಾರ ತಗೋ,” ಅಂದರು ವೀರಭದ್ರಮ್ಮ, ಗಂಡನ ಕಡೆ ನೋಡದೆಯೇ.

ಸಹಿ ಬಿತ್ತು.

ರಾಯಚೂರಿನಲ್ಲಿ ಮ್ಯಾನೇಜರ್ ಆ ಸಾಲನ್ನು ಎರಡು ಸಲ ಓದಿದ. “ಕೆಡಸಾಕೂ ರೊಕ್ಕ, ರಿಪೇರಿಗೂ ರೊಕ್ಕ! ಮ್ಯಾಲ ರೋಲೂ ಲಗೂನ ಸವೀತಾವ. ಲೇ ಸಾಬ್ಯಾ, ನಾಳಿಂದ ನೀ ಕಾಯಂ. ಮಾನ್ವಿ ಮಿಲ್ಲಿನವರ ಹೆಂಡ್ರನ್ನೂ ಒಂದಿಷ್ಟು ಭೇಟಿ ಆಗು.”

ಆ ಕಾಗದ ಈಗಲೂ ಸಾಬಣ್ಣನ ಟ್ರಂಕಿನಲ್ಲಿದೆ. ಬಾ, ಬೇಕಾದರೆ ಈಗಲೇ ಹೋಗಿ—

“ಯಪ್ಪಾ, ನುಚ್ಚಿನನ್ನ ಆರಾಕತ್ತದ, ಉಣ್ಣಾಕ ಬರ್ರಿ!”

ಬಂದೆ ಬೇ ಮಗಳ, ಬಂದೆ.